ಆಟೊ ಹೋಲ್ಡ್, ಹಿಲ್ ಹೋಲ್ಡ್, ಹಿಲ್ ಡಿಸೆಂಟ್: ಡ್ಯಾಶ್‌ಬೋರ್ಡಿನ ಮೂರು ದೀಪಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂರೂ ಬ್ರೇಕಿಗೆ ಸಂಬಂಧಿಸಿದ್ದೇ ಆಗಿರುವಾಗ ಮೂರು ಬೇರೆ ಬೇರೆ ಹೆಸರು, ಮೂರು ಬೇರೆ ಬೇರೆ ಚಿಹ್ನೆ ಏಕೆ?

ಕೆಲಸ ಮಾಡುವ ಯಂತ್ರ ಮೂರಕ್ಕೂ ಒಂದೇ. ಹಠಾತ್ ಬ್ರೇಕಿನಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಮತ್ತು ಕಾರು ಜಾರಿದಾಗ ಸರಿಪಡಿಸುವ ಇಎಸ್‌ಸಿ ವ್ಯವಸ್ಥೆಗಾಗಿ ಬಾನೆಟ್ಟಿನ ಕೆಳಗೆ ಅಳವಡಿಸಿರುವ ಒಂದು ಘಟಕದಲ್ಲಿ ಪುಟ್ಟ ಪಂಪು, ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟಗಳು ಮತ್ತು ಅವನ್ನು ನಿಯಂತ್ರಿಸುವ ಕಂಪ್ಯೂಟರ್ ಇರುತ್ತವೆ. ನೀವು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿನಲ್ಲಿ ಉಂಟಾದ ಒತ್ತಡವನ್ನು ಕವಾಟ ಮುಚ್ಚಿ ಹಿಡಿದಿಡುವುದು, ಅಥವಾ ನೀವು ಒತ್ತದೆಯೇ ಪಂಪಿನಿಂದ ಒತ್ತಡ ಹುಟ್ಟಿಸುವುದು ಈ ಘಟಕಕ್ಕೆ ಸಾಧ್ಯ. ಆಟೊ ಹೋಲ್ಡ್ ಮತ್ತು ಹಿಲ್ ಹೋಲ್ಡ್ ಮುಖ್ಯವಾಗಿ ಮೊದಲನೆಯ ಕೆಲಸವನ್ನು ಬಳಸಿಕೊಂಡರೆ ಹಿಲ್ ಡಿಸೆಂಟ್ ಕಂಟ್ರೋಲ್ ಎರಡನೆಯದನ್ನು ಬಳಸಿಕೊಳ್ಳುತ್ತದೆ.

ವ್ಯತ್ಯಾಸವಿರುವುದು ಅವಧಿಯಲ್ಲಿ ಮತ್ತು ಉದ್ದೇಶದಲ್ಲಿ. ಆಟೊ ಹೋಲ್ಡ್ ನಿಂತ ಕಾರನ್ನು ನಿಮಿಷಗಳ ಲೆಕ್ಕದಲ್ಲಿ ಹಿಡಿಯುತ್ತದೆ. ಹಿಲ್ ಹೋಲ್ಡ್ ಸೆಕೆಂಡುಗಳ ಲೆಕ್ಕದಲ್ಲಿ ಹಿಡಿದು ತಾನಾಗಿಯೇ ಬಿಡುತ್ತದೆ. ಹಿಲ್ ಡಿಸೆಂಟ್ ಕಾರನ್ನು ನಿಲ್ಲಿಸುವುದೇ ಇಲ್ಲ, ನಿಧಾನವಾಗಿ ಇಳಿಯಲು ಬಿಡುತ್ತದೆ. ಹೀಗಾಗಿ ದೀಪವನ್ನು ನೋಡಿದಾಗ ಚಾಲಕರು ಕೇಳಿಕೊಳ್ಳಬೇಕಾದದ್ದು ಈ ಸೌಲಭ್ಯ ಆನ್ ಆಗಿದೆಯೇ ಎಂದಷ್ಟೇ ಅಲ್ಲ. ಈ ಕ್ಷಣದಲ್ಲಿ ಕಾರನ್ನು ಹಿಡಿದಿರುವುದು ಯಾವುದು, ಅದು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿಕೊಳ್ಳಬೇಕು. ಮುಂದಿನ ಉತ್ತರಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

AUTO HOLD ಎಂಬ ಅಕ್ಷರಗಳು ಒಮ್ಮೆ ಬಿಳಿಯಾಗಿ, ಒಮ್ಮೆ ಹಸಿರಾಗಿ ಕಾಣುತ್ತವೆ. ಯಾವುದಕ್ಕೆ ಏನರ್ಥ?

ಹ್ಯುಂಡೈ ಮತ್ತು ಕಿಯಾ ಕಾರುಗಳಲ್ಲಿ ಬಿಳಿ ಬಣ್ಣವೆಂದರೆ ಸೌಲಭ್ಯ ಸಿದ್ಧವಾಗಿದೆ, ಆದರೆ ಇನ್ನೂ ಏನನ್ನೂ ಹಿಡಿದಿಲ್ಲ ಎಂದರ್ಥ. ಬ್ರೇಕ್ ಒತ್ತಿ ಕಾರು ಪೂರ್ತಿ ನಿಂತ ಮೇಲೆ ಅಕ್ಷರಗಳು ಹಸಿರಿಗೆ ತಿರುಗುತ್ತವೆ. ಹಸಿರು ಕಂಡ ಮೇಲಷ್ಟೇ ಪೆಡಲಿನಿಂದ ಕಾಲು ತೆಗೆಯಬಹುದು. ಹಳದಿ ಬಣ್ಣ ಕಂಡರೆ ದೋಷವಿದೆ ಎಂದು ತಿಳಿಯಬೇಕು.

ಬಿಳಿಯನ್ನು ಹಸಿರೆಂದು ಭಾವಿಸಿ ಕಾಲು ತೆಗೆಯುವುದು ಹೊಸಬರಲ್ಲಿ ಸಾಮಾನ್ಯವಾಗಿ ಕಾಣುವ ಎಡವಟ್ಟು. ಸಿಗ್ನಲ್ಲಿನಲ್ಲಿ ಕಾರು ತೆವಳುತ್ತ ಬಂದು ಇನ್ನೇನು ನಿಲ್ಲಬೇಕೆನ್ನುವಾಗ ಕಾಲು ಸಡಿಲಿಸಿದರೆ ಆಟೊ ಹೋಲ್ಡ್ ಹಿಡಿದಿರುವುದಿಲ್ಲ; ಆಟೊಮ್ಯಾಟಿಕ್ ಕಾರು D ಗೇರಿನಲ್ಲಿ ತನ್ನಷ್ಟಕ್ಕೆ ಮುಂದಕ್ಕೆ ಹೋಗುತ್ತದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಮೀಟರಿನ ಮೇಲೆ ಬಿದ್ದಾಗ ಬಿಳಿ ಮತ್ತು ಹಸಿರಿನ ವ್ಯತ್ಯಾಸ ಕಣ್ಣಿಗೆ ಸ್ಪಷ್ಟವಾಗದಿರಬಹುದು. ಅಂಥ ವೇಳೆಯಲ್ಲಿ ಪೆಡಲನ್ನು ಒಂದೇ ಸಲ ಬಿಟ್ಟುಬಿಡದೆ ಅರ್ಧದಷ್ಟು ಸಡಿಲಿಸಿ ಕಾರು ಅಲುಗಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಈ ಬಣ್ಣಗಳು ಎಲ್ಲ ಕಂಪನಿಗಳಿಗೂ ಒಂದೇ ಎಂದು ಮಾತ್ರ ನಂಬಬೇಡಿ. ಟೊಯೋಟಾದಲ್ಲಿ ಸಿದ್ಧಸ್ಥಿತಿಯ ದೀಪವೇ ಹಸಿರು. ಕಾರನ್ನು ನಿಜವಾಗಿ ಹಿಡಿದಾಗ HOLD ಎಂಬ ಇನ್ನೊಂದು ದೀಪ ಹಳದಿ ಬಣ್ಣದಲ್ಲಿ ಬೆಳಗುತ್ತದೆ. ಅಂದರೆ ಒಂದು ಕಾರಿನಲ್ಲಿ ‘ಹಿಡಿದಿದ್ದೇನೆ’ ಎಂದು ಹೇಳುವ ಹಸಿರು ಇನ್ನೊಂದರಲ್ಲಿ ‘ಸಿದ್ಧನಿದ್ದೇನೆ’ ಎಂದಷ್ಟೇ ಹೇಳುತ್ತದೆ; ಒಂದರಲ್ಲಿ ದೋಷ ಸೂಚಿಸುವ ಹಳದಿ ಇನ್ನೊಂದರಲ್ಲಿ ಎಲ್ಲವೂ ಸರಿಯಾಗಿದೆ ಎನ್ನುತ್ತದೆ. ಮನೆಯಲ್ಲಿ ಎರಡು ಕಂಪನಿಯ ಕಾರುಗಳಿದ್ದು ಎರಡನ್ನೂ ಓಡಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಹಿಡಿದಿರುವ ದೀಪ ಉರಿಯುತ್ತಿರುವಾಗ ಕಾರಿನಿಂದ ಇಳಿಯಬಹುದೇ?

ಇಳಿಯಬಾರದು. ಆಟೊ ಹೋಲ್ಡ್ ಕಾರನ್ನು ಹಿಡಿದಿರುವುದು ಬ್ರೇಕ್ ಆಯಿಲಿನ ಒತ್ತಡದಿಂದ, ಆ ಒತ್ತಡವನ್ನು ಕಾಯ್ದಿರುವುದು ವಿದ್ಯುತ್ತಿನಿಂದ ಮುಚ್ಚಿಕೊಂಡ ಕವಾಟ. ಕವಾಟಕ್ಕೆ ವಿದ್ಯುತ್ ಹರಿಯುತ್ತಿರುವಾಗ ಅದು ಬಿಸಿಯಾಗುತ್ತದೆ, ಒತ್ತಡವೂ ಹೊತ್ತು ಕಳೆದಂತೆ ಅಲ್ಪಸ್ವಲ್ಪ ಇಳಿಯಬಹುದು. ಆದ್ದರಿಂದ ಇದು ಚಾಲಕರು ಸೀಟಿನಲ್ಲಿ ಕುಳಿತಿರುವಾಗ ಕಾಲಿಗೆ ಸಿಗುವ ವಿಶ್ರಾಂತಿಯೇ ಹೊರತು ಪಾರ್ಕಿಂಗ್ ಬ್ರೇಕಿಗೆ ಬದಲಿಯಲ್ಲ.

ಆಟೊ ಹೋಲ್ಡ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುತ್ತದೆ. ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕಿನ ಜಾಗದಲ್ಲಿ ಒಂದು ಪುಟ್ಟ ಸ್ವಿಚ್ ಇದ್ದು, ಅದನ್ನು ಎತ್ತಿದಾಗ ಹಿಂದಿನ ಚಕ್ರಗಳ ಬಳಿಯ ಮೋಟಾರುಗಳು ತಿರುಗಿ ಬ್ರೇಕ್ ಪ್ಯಾಡುಗಳನ್ನು ಯಾಂತ್ರಿಕವಾಗಿ ಬಿಗಿಯುತ್ತವೆ. ಒಮ್ಮೆ ಬಿಗಿದ ಮೇಲೆ ವಿದ್ಯುತ್ ಇಲ್ಲದಿದ್ದರೂ, ಆಯಿಲಿನ ಒತ್ತಡವಿಲ್ಲದಿದ್ದರೂ ಹಿಡಿತ ಉಳಿಯುತ್ತದೆ. ಇದರ ಗುರುತು ಕೆಂಪು ದೀಪ: ವೃತ್ತದೊಳಗೆ P ಅಕ್ಷರ, ಇಕ್ಕೆಲದಲ್ಲಿ ಬಾಗಿದ ಗೆರೆಗಳು. ಇಳಿಯುವ ಮುನ್ನ ಕಣ್ಣಿಗೆ ಬೀಳಬೇಕಾದದ್ದು ಈ ಕೆಂಪು P.

ತಯಾರಕರು ಮರೆವಿನ ಸಾಧ್ಯತೆಯನ್ನು ಊಹಿಸಿ ಕೆಲವು ರಕ್ಷಣೆಗಳನ್ನು ಇಟ್ಟಿದ್ದಾರೆ. ಹ್ಯುಂಡೈ ಕಾರುಗಳಲ್ಲಿ ಆಟೊ ಹೋಲ್ಡ್ ಹಿಡಿದಿರುವಾಗ ಚಾಲಕರ ಬಾಗಿಲು ತೆರೆದರೆ, ಬಾನೆಟ್ ತೆರೆದರೆ ಅಥವಾ ಕಾರು 10 ನಿಮಿಷಕ್ಕಿಂತ ಹೆಚ್ಚು ನಿಂತರೆ ಪಾರ್ಕಿಂಗ್ ಬ್ರೇಕ್ ತಾನಾಗಿ ಬಿಗಿಯುತ್ತದೆ. ಹಸಿರು ಅಕ್ಷರಗಳು ಬಿಳಿಯಾಗಿ, ಕೆಂಪು P ಬೆಳಗುತ್ತದೆ. ಟೊಯೋಟಾದಲ್ಲಿ ಈ ಅವಧಿ ಸುಮಾರು 3 ನಿಮಿಷ. ಹಿಂದಿನಿಂದ ‘ಝುಯ್ಯ್’ ಎಂಬ ಸಣ್ಣ ಮೋಟಾರಿನ ಸದ್ದು ಕೇಳಿಸಿದರೆ ಈ ವರ್ಗಾವಣೆ ನಡೆಯಿತೆಂದು ತಿಳಿಯಬಹುದು. ರೈಲ್ವೆ ಗೇಟಿನ ಮುಂದೆ ಬಹಳ ಹೊತ್ತು ನಿಂತವರು ‘ನಾನು ಮುಟ್ಟಲೇ ಇಲ್ಲ, ಪಾರ್ಕಿಂಗ್ ಬ್ರೇಕ್ ಹೇಗೆ ಬಿತ್ತು?’ ಎಂದು ಕೇಳುವುದು ಇದೇ ಕಾರಣಕ್ಕೆ, ಅದು ದೋಷವಲ್ಲ. ಆದರೆ ಈ ರಕ್ಷಣೆಯನ್ನೇ ದಿನನಿತ್ಯದ ಅಭ್ಯಾಸವಾಗಿ ಮಾಡಿಕೊಂಡು ಬಾಗಿಲು ತೆರೆದು ಇಳಿದುಹೋಗುವುದು ಸರಿಯಲ್ಲ. P ಗೇರ್, ಪಾರ್ಕಿಂಗ್ ಬ್ರೇಕ್, ಕೆಂಪು ದೀಪ, ಬಳಿಕ ಎಂಜಿನ್ ಬಂದ್ ಎಂಬ ಕ್ರಮವನ್ನು ಬಿಡಬಾರದು.

ಸ್ವಿಚ್ ಒತ್ತಿದರೂ AUTO HOLD ದೀಪ ಬರುತ್ತಿಲ್ಲ. ಕೆಟ್ಟಿದೆಯೇ?

ಬಹುತೇಕ ಸಂದರ್ಭಗಳಲ್ಲಿ ಕೆಟ್ಟಿರುವುದಿಲ್ಲ. ಚಾಲಕರ ಬಾಗಿಲು ಪೂರ್ತಿ ಮುಚ್ಚಿರಬೇಕು, ಬಾನೆಟ್ ಸರಿಯಾಗಿ ಕೂತಿರಬೇಕು, ಹಲವು ಮಾದರಿಗಳಲ್ಲಿ ಚಾಲಕರು ಸೀಟ್ ಬೆಲ್ಟ್ ಹಾಕಿರಬೇಕು; ಇವುಗಳಲ್ಲಿ ಒಂದು ತಪ್ಪಿದರೂ ದೀಪ ಬೆಳಗುವುದಿಲ್ಲ. ಸರ್ವಿಸ್ ಮುಗಿದು ಬಂದ ದಿನವೇ ಆಟೊ ಹೋಲ್ಡ್ ನಿಂತುಹೋಗಿದ್ದರೆ ಮೊದಲು ಬಾನೆಟ್ಟನ್ನು ಎತ್ತಿ ಮತ್ತೊಮ್ಮೆ ಗಟ್ಟಿಯಾಗಿ ಮುಚ್ಚಿ ನೋಡಿ. ಇನ್ನು, ಎಂಜಿನ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ಕೆಲವು ಕಾರುಗಳು ಹಿಂದಿನ ಆಯ್ಕೆಯನ್ನು ನೆನಪಿಟ್ಟುಕೊಳ್ಳುತ್ತವೆ, ಕೆಲವು ಪ್ರತಿ ಸಲವೂ ಸ್ವಿಚ್ ಒತ್ತಿಸಿಕೊಳ್ಳುತ್ತವೆ.

ಆಫ್ ಮಾಡುವಾಗಲೂ ಒಂದು ನಿಯಮವಿದೆ: ಕಾರನ್ನು ಹಿಡಿದಿರುವ ಸ್ಥಿತಿಯಲ್ಲಿ ಬ್ರೇಕ್ ಪೆಡಲ್ ಒತ್ತಿಕೊಂಡೇ ಸ್ವಿಚ್ ಒತ್ತಬೇಕು. ಪೆಡಲ್ ಒತ್ತದಿದ್ದರೆ ಕಾರು ಅದನ್ನು ಆಫ್ ಮಾಡಲು ಒಪ್ಪದೆ ಸಂದೇಶ ತೋರಿಸುತ್ತದೆ. ಇಳಿಜಾರಿನಲ್ಲಿ ಕೈತಪ್ಪಿ ಸ್ವಿಚ್ ಒತ್ತಿದವರ ಕಾರು ಉರುಳಿಹೋಗದಿರಲಿ ಎಂಬುದಕ್ಕೇ ಈ ಏರ್ಪಾಡು.

ಆಟೊ ಹೋಲ್ಡನ್ನು ಯಾವಾಗಲೂ ಆನ್ ಇಟ್ಟರೆ ತೊಂದರೆ ಏನು?

ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ಸಂಚಾರದಲ್ಲಿ ತೊಂದರೆಯೇನಿಲ್ಲ, ಅನುಕೂಲವೇ ಹೆಚ್ಚು. ಇಕ್ಕಟ್ಟಾದ ಜಾಗದಲ್ಲಿ ಕಾರು ನಿಲ್ಲಿಸುವಾಗ ಮಾತ್ರ ಅದು ಅಡ್ಡ ಬರುತ್ತದೆ. ಅಲ್ಲಿ ಅಂಗುಲ ಅಂಗುಲವಾಗಿ ಮುಂದೆ ಹಿಂದೆ ಸರಿಯಲು ನಾವು ನೆಚ್ಚಿಕೊಂಡಿರುವುದು ಬ್ರೇಕ್ ಸಡಿಲಿಸಿದಾಗ ಆಟೊಮ್ಯಾಟಿಕ್ ಕಾರು ತಾನಾಗಿ ತೆವಳುವ ಗುಣವನ್ನು. ಆಟೊ ಹೋಲ್ಡ್ ಹಿಡಿದುಬಿಟ್ಟರೆ ಆ ತೆವಳುವಿಕೆ ನಿಂತುಹೋಗಿ ಬಿಡಿಸಿಕೊಳ್ಳಲು ಆಕ್ಸಿಲರೇಟರ್ ಒತ್ತಬೇಕಾಗುತ್ತದೆ. ಒತ್ತಿದಾಗ ಕಾರು ಬೇಕಾದ್ದಕ್ಕಿಂತ ಹೆಚ್ಚು ಮುಂದಕ್ಕೆ ಜಿಗಿಯುತ್ತದೆ. ಗೋಡೆಗೆ ಒಂದು ಅಡಿ ಉಳಿದಿರುವಾಗ ಇದು ಬೇಡದ ಸಾಹಸ. ರಿವರ್ಸ್ ಹೋಗುವ ಮುನ್ನ, ಕಾರನ್ನು ತಳ್ಳಿಸುವ ಅಥವಾ ಎಳೆಸುವ ಮುನ್ನ, ಕಾರನ್ನು ತಾನೇ ಸರಿಸಿಕೊಂಡು ಹೋಗುವ ಯಂತ್ರದ ವಾಷಿಂಗಿಗೆ ಬಿಡುವ ಮುನ್ನ ಅದನ್ನು ಆಫ್ ಮಾಡಿಬಿಡಿ.

ನನ್ನ ಕಾರಿನಲ್ಲಿ ಹಿಲ್ ಹೋಲ್ಡ್ ಇದೆ ಎಂದು ಶೋರೂಮಿನಲ್ಲಿ ಹೇಳಿದ್ದರು. ಅದರ ದೀಪ ಎಲ್ಲಿದೆ?

ಬಹಳಷ್ಟು ಕಾರುಗಳಲ್ಲಿ ಅದಕ್ಕೆ ಪ್ರತ್ಯೇಕ ದೀಪವೂ ಇಲ್ಲ, ಸ್ವಿಚ್ಚೂ ಇಲ್ಲ. ಇದೇ ಗೊಂದಲದ ಮೂಲ. ಹಿಲ್ ಹೋಲ್ಡ್ ಅಥವಾ ಹಿಲ್ ಸ್ಟಾರ್ಟ್ ಅಸಿಸ್ಟ್ ಎಂಬುದು ಇಎಸ್‌ಸಿಯ ಒಳಗಿನ ಒಂದು ಗುಣ. ಕಾರಿನ ಓರೆಯನ್ನು ಅಳೆಯುವ ಸೆನ್ಸರ್ ‘ಏರಿನಲ್ಲಿ ನಿಂತಿದ್ದೇವೆ’ ಎಂದು ಹೇಳಿದಾಗ, ನೀವು ಬ್ರೇಕ್ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಒತ್ತಡ ಉಳಿಸಿಕೊಳ್ಳುತ್ತದೆ. ಕೆಲಸ ಮಾಡುವಾಗ ಅದು ಸದ್ದಿಲ್ಲದೆ, ದೀಪವಿಲ್ಲದೆ ಮಾಡುತ್ತದೆ.

ಹೀಗಾಗಿ ಹಿಲ್ ಹೋಲ್ಡಿನ ಆರೋಗ್ಯವನ್ನು ತಿಳಿಯಲು ನೋಡಬೇಕಾದದ್ದು ಇಎಸ್‌ಸಿ ದೀಪವನ್ನು, ಅಂದರೆ ಹಿಂದೆ ಅಂಕುಡೊಂಕಾದ ಎರಡು ಗೆರೆಗಳಿರುವ ಕಾರಿನ ಹಳದಿ ಚಿತ್ರವನ್ನು. ಓಡುವಾಗ ಅದು ಮಿನುಗಿದರೆ ಚಕ್ರ ಜಾರುತ್ತಿದೆ, ಇಎಸ್‌ಸಿ ಸರಿಪಡಿಸುತ್ತಿದೆ ಎಂದರ್ಥ. ಬಿಡದೆ ಉರಿಯುತ್ತಿದ್ದರೆ ಇಎಸ್‌ಸಿಯಲ್ಲಿ ದೋಷವಿದೆ, ಹಾಗಾಗಿ ಹಿಲ್ ಹೋಲ್ಡನ್ನೂ ನೆಚ್ಚುವಂತಿಲ್ಲ. ಅದೇ ಚಿತ್ರದ ಕೆಳಗೆ OFF ಎಂದಿದ್ದರೆ ಯಾರೋ ಸ್ವಿಚ್ ಒತ್ತಿ ಇಎಸ್‌ಸಿಯನ್ನು ಆರಿಸಿದ್ದಾರೆ ಎಂದು ತಿಳಿಯಬೇಕು. ಹ್ಯುಂಡೈಯಂಥ ಕಾರುಗಳಲ್ಲಿ ಹೀಗೆ ಆರಿಸಿದಾಗಲೂ ಹಿಲ್ ಹೋಲ್ಡ್ ಕೆಲಸ ಮಾಡುತ್ತಿರುತ್ತದೆ, ದೋಷವಾದಾಗ ಮಾತ್ರ ಮಾಡುವುದಿಲ್ಲ.

ಕೆಲವು ಕಾರುಗಳು ಏರುಮುಖವಾಗಿ ನಿಂತ ಕಾರಿನ ಚಿತ್ರವನ್ನೋ HHC, HSA, HAC ಎಂಬ ಅಕ್ಷರಗಳನ್ನೋ ತೋರಿಸುತ್ತವೆ. ಹೆಸರು ಬೇರೆಯಾದರೂ ಕೆಲಸ ಅದೇ.

ಹಿಲ್ ಹೋಲ್ಡ್ ಎಷ್ಟು ಹೊತ್ತು ಹಿಡಿಯುತ್ತದೆ? ಏರಿನಲ್ಲಿ ಕಾರು ಒಮ್ಮೊಮ್ಮೆ ಹಿಂದಕ್ಕೆ ಜಾರುವುದೇಕೆ?

ಸಾಮಾನ್ಯವಾಗಿ ಸುಮಾರು 2 ಸೆಕೆಂಡು. ಬ್ರೇಕಿನಿಂದ ಆಕ್ಸಿಲರೇಟರಿಗೆ ಕಾಲು ಬದಲಾಯಿಸಲು ಬೇಕಾದ ಸಮಯ ಅಷ್ಟೇ ಎಂಬ ಲೆಕ್ಕಾಚಾರದಿಂದ ಇದನ್ನು ಇಟ್ಟಿದ್ದಾರೆ. ಆ ಅವಧಿ ಮುಗಿದ ಮೇಲೆ ನೀವು ಸಿದ್ಧರಿದ್ದರೂ ಇಲ್ಲದಿದ್ದರೂ ಹಿಡಿತ ಸಡಿಲವಾಗುತ್ತದೆ.

ಆ ಬಳಿಕ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಬಹುದು. 6 ಮೀಟರ್ ಮುಂದೆ ಹೋದರೆ 1 ಮೀಟರ್ ಏರುವ ಕಡಿದಾದ ರಸ್ತೆಯಲ್ಲಿ 1,500 ಕಿಲೋ ತೂಕದ ಕಾರು ನಿಂತಿದೆ ಎಂದುಕೊಳ್ಳಿ. ಅದನ್ನು ಹಿಂದಕ್ಕೆ ಎಳೆಯುತ್ತಿರುವ ಬಲ ಸುಮಾರು 245 ಕಿಲೋ ಭಾರಕ್ಕೆ ಸಮ. ಯಾವ ತಡೆಯೂ ಇಲ್ಲದೆ ಬಿಟ್ಟರೆ ಮೊದಲ ಸೆಕೆಂಡಿನಲ್ಲಿ ಅದು 80 ಸೆಂಟಿಮೀಟರಿನಷ್ಟು, 2 ಸೆಕೆಂಡಿನಲ್ಲಿ 3 ಮೀಟರಿಗೂ ತುಸು ಹೆಚ್ಚು ಹಿಂದಕ್ಕೆ ಉರುಳುತ್ತದೆ. ಟಯರ್ ಮತ್ತು ಬೇರಿಂಗುಗಳ ತಡೆಯನ್ನು ಕಳೆದರೆ ನಿಜವಾದ ದೂರ ಇದಕ್ಕಿಂತ ಸ್ವಲ್ಪ ಕಡಿಮೆ. ಆದರೂ ನಮ್ಮ ಊರುಗಳ ಸಾಲಿನಲ್ಲಿ ಹಿಂದಿನ ಸ್ಕೂಟರ್ ನಿಂತಿರುವುದು ಒಂದು ಮೀಟರಿನೊಳಗೇ ಅಲ್ಲವೇ? ಹಿಡಿತ ತಪ್ಪಿದ ಒಂದು ಸೆಕೆಂಡೇ ಅಲ್ಲಿ ಸಾಕಾಗುತ್ತದೆ.

ಜಾರುವುದಕ್ಕೆ ಇನ್ನೂ ಕೆಲವು ಕಾರಣಗಳಿವೆ. ಬ್ರೇಕನ್ನು ಹಗುರವಾಗಿ ಒತ್ತಿ ನಿಂತಿದ್ದರೆ ಉಳಿಸಿಕೊಳ್ಳಲು ಸಾಕಷ್ಟು ಒತ್ತಡವೇ ಇರುವುದಿಲ್ಲ. ಬಿಡುವ ಮುನ್ನ ಪೆಡಲನ್ನು ಒಮ್ಮೆ ಗಟ್ಟಿಯಾಗಿ ಒತ್ತುವುದರಿಂದ ಇದು ಸರಿಹೋಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಹೊರಡುವ ಉದ್ದೇಶವಿಲ್ಲವೆಂದು ತಿಳಿದು ವ್ಯವಸ್ಥೆ ಕೆಲಸ ಮಾಡುವುದಿಲ್ಲ. ತೀರ ಸಣ್ಣ ಏರಿನಲ್ಲಿ ಸೆನ್ಸರ್ ಅದನ್ನು ಏರೆಂದೇ ಪರಿಗಣಿಸದೆ ಇರಬಹುದು, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ರ‍್ಯಾಂಪಿನ ಬಾಯಲ್ಲಿ, ಮುಂದಿನ ಚಕ್ರಗಳು ಸಮತಟ್ಟು ತಲುಪಿ ಹಿಂದಿನವು ಇನ್ನೂ ಏರಿನಲ್ಲಿರುವಾಗ, ಹೀಗಾಗುವುದುಂಟು. ಮ್ಯಾನ್ಯುವಲ್ ಕಾರಿನಲ್ಲಿ ಕ್ಲಚ್ ಹಿಡಿಯುವ ಹಂತವನ್ನು ಅಷ್ಟರೊಳಗೆ ತಲುಪದಿದ್ದರೆ ಎರಡು ಸೆಕೆಂಡಿನ ನೆರವು ವ್ಯರ್ಥವಾಗುತ್ತದೆ. ಹಳೆಯ ಹ್ಯಾಂಡ್‌ಬ್ರೇಕ್ ವಿಧಾನವನ್ನು ಕಲಿತವರು ಅದನ್ನು ಮರೆಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ತುಂಬಿದ ಕಾರು, ಮಳೆ, ಕಡಿದಾದ ತಿರುವು ಒಟ್ಟಿಗೆ ಬಂದಾಗ ಅದಕ್ಕಿರುವ ಭರವಸೆ ಎರಡು ಸೆಕೆಂಡಿಗೆ ಇಲ್ಲ.

ಕಾರಿನ ಮೂತಿ ಇಳಿಜಾರಿನ ಕಡೆಗಿದ್ದು ನೀವು ರಿವರ್ಸ್ ಗೇರಿನಲ್ಲಿ ಮೇಲಕ್ಕೆ ಹೋಗಬೇಕಾದಾಗಲೂ ಹಿಲ್ ಹೋಲ್ಡ್ ಇದೇ ರೀತಿ ನೆರವಾಗುತ್ತದೆ.

ಒಂದೇ ಕಾರಿನಲ್ಲಿ ಆಟೊ ಹೋಲ್ಡ್ ಮತ್ತು ಹಿಲ್ ಹೋಲ್ಡ್ ಎರಡೂ ಇದ್ದರೆ ಏರಿನಲ್ಲಿ ಯಾವುದು ಕೆಲಸ ಮಾಡುತ್ತದೆ?

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ಕಿರಿದಾದ ರಸ್ತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1,930 ಮೀಟರ್ ಎತ್ತರದ ಈ ಶಿಖರ ರಾಜ್ಯದಲ್ಲೇ ಅತಿ ಎತ್ತರದ್ದು. ರಜಾದಿನಗಳಲ್ಲಿ ಎದುರಿನಿಂದ ಬರುವ ಜೀಪುಗಳಿಗೆ ದಾರಿ ಬಿಡಲು ಏರಿನ ನಡುವೆಯೇ ನಿಲ್ಲಬೇಕಾಗುತ್ತದೆ. ಐವರು ಕುಳಿತ ಒಂದು ಆಟೊಮ್ಯಾಟಿಕ್ ಕಾರು ಹೀಗೆ ನಿಂತಿದೆ, AUTO HOLD ಬಿಳಿಯಾಗಿದೆ ಎಂದುಕೊಳ್ಳಿ.

ಚಾಲಕಿ ಬ್ರೇಕ್ ಒತ್ತುತ್ತಾರೆ, ಕಾರು ನಿಲ್ಲುತ್ತದೆ, ಅಕ್ಷರಗಳು ಹಸಿರಾಗುತ್ತವೆ. ಅವರು ಕಾಲು ತೆಗೆಯುತ್ತಾರೆ. ಈಗ ಎರಡು ಸೆಕೆಂಡಿನ ಗಡುವು ಅನ್ವಯಿಸುವುದಿಲ್ಲ, ಏಕೆಂದರೆ ಹಿಡಿದಿರುವುದು ಆಟೊ ಹೋಲ್ಡ್. ಕಾರು ಸ್ವಲ್ಪ ಹಿಂದಕ್ಕೆ ಸರಿದಂತೆ ಸೆನ್ಸರಿಗೆ ಕಂಡರೆ ಪಂಪು ಒತ್ತಡವನ್ನು ಹೆಚ್ಚಿಸುತ್ತದೆ. ಏರು ಬಹಳ ಕಡಿದಾಗಿದ್ದರೆ ವ್ಯವಸ್ಥೆ ತಾನಾಗಿ ಪಾರ್ಕಿಂಗ್ ಬ್ರೇಕಿಗೆ ವರ್ಗಾಯಿಸಿ ಕೆಂಪು P ಬೆಳಗಿಸಬಹುದು. ದಾರಿ ತೆರವಾದಾಗ D ಗೇರಿನಲ್ಲಿ ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿದರೆ, ಎಂಜಿನ್ನಿನ ಎಳೆತ ಸಾಕಷ್ಟಾಯಿತೆಂದು ಕಂಡ ಮೇಲೆ ಬ್ರೇಕ್ ಬಿಡುತ್ತದೆ, ಹಸಿರು ಮತ್ತೆ ಬಿಳಿಯಾಗುತ್ತದೆ.

ಅದೇ ಕಾರಿನಲ್ಲಿ ಆಟೊ ಹೋಲ್ಡ್ ಆಫ್ ಆಗಿತ್ತು ಎಂದುಕೊಳ್ಳಿ. ಚಾಲಕಿ ಬ್ರೇಕಿನಿಂದ ಕಾಲು ತೆಗೆದ ಕ್ಷಣ ಹಿಲ್ ಹೋಲ್ಡ್ ಹಿಡಿಯುತ್ತದೆ, ಮೀಟರಿನಲ್ಲಿ ಏನೂ ಕಾಣುವುದಿಲ್ಲ. ಎದುರಿನ ಜೀಪಿನವರು ಕೈ ಸನ್ನೆ ಮಾಡಿ ‘ತಾಳಿ, ಇನ್ನೊಂದು ಬರುತ್ತಿದೆ’ ಎನ್ನುತ್ತಾರೆ, ಚಾಲಕಿ ಆಕ್ಸಿಲರೇಟರ್ ಒತ್ತದೆ ಕಾಯುತ್ತಾರೆ. ಕಾರು ಅಲುಗದೆ ನಿಂತಿದ್ದನ್ನು ಕಂಡು ಅದು ಹಾಗೆಯೇ ನಿಲ್ಲುತ್ತದೆ ಎಂದು ಭಾವಿಸುವುದು ಸಹಜ. ಎರಡು ಸೆಕೆಂಡಿನ ಬಳಿಕ ಅದು ಹಿಂದಕ್ಕೆ ಹೊರಡುತ್ತದೆ. ಎರಡೂ ಸಂದರ್ಭಗಳಲ್ಲಿ ಮೊದಲ ಎರಡು ಸೆಕೆಂಡಿನ ಅನುಭವ ಒಂದೇ ತೆರನಾಗಿರುತ್ತದೆ, ವ್ಯತ್ಯಾಸವನ್ನು ಹೇಳುವುದು ಮೀಟರಿನ ದೀಪ ಮಾತ್ರ. ಹಿಡಿದಿರುವ ದೀಪ ಕಾಣದಿದ್ದರೆ ಕಾಲು ಬ್ರೇಕಿನ ಮೇಲೆಯೇ ಇರಬೇಕು.

ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿದ ಕಾರಿನ ಚಿಹ್ನೆ ಯಾವುದು?

ಅದು ಹಿಲ್ ಡಿಸೆಂಟ್ ಕಂಟ್ರೋಲ್. ಕೆಲವು ಚಿಹ್ನೆಗಳಲ್ಲಿ ಕಾರಿನ ಮೇಲೆ ವೇಗಮಾಪಕದಂಥ ಗುರುತೂ ಇರುತ್ತದೆ. ಇದನ್ನು ಮೊದಲು ಮಾರುಕಟ್ಟೆಗೆ ತಂದದ್ದು 1997ರ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್. ಆ ಕಾರಿಗೆ ನಿಜವಾದ ಜೀಪುಗಳಲ್ಲಿರುವ ಲೋ ರೇಂಜ್ ಗೇರ್ ಇರಲಿಲ್ಲ. ಕಡಿದಾದ ಮಣ್ಣಿನ ಇಳಿಜಾರಿನಲ್ಲಿ ಎಂಜಿನ್ನಿನ ತಡೆಯಿಂದಷ್ಟೇ ನಿಧಾನವಾಗಿ ಇಳಿಯುವುದು ಅದಕ್ಕೆ ಕಷ್ಟವಾಗುತ್ತಿತ್ತು. ಆ ಕೊರತೆಯನ್ನು ಎಬಿಎಸ್ ಘಟಕದಿಂದ ತುಂಬಿಕೊಂಡರು. ನಮ್ಮಲ್ಲಿ ಮಾರುತಿ ಜಿಮ್ನಿಯಂಥ ಗಾಡಿಗಳಲ್ಲಿ ಇದಿದೆ. ಹ್ಯುಂಡೈ ಇದನ್ನು DBC ಎಂದೂ ಟೊಯೋಟಾ DAC ಎಂದೂ ಕರೆಯುತ್ತವೆ.

ಆನ್ ಮಾಡಿ ಎರಡೂ ಪೆಡಲುಗಳಿಂದ ಕಾಲು ತೆಗೆದಾಗ ಅದು ನಾಲ್ಕು ಚಕ್ರಗಳನ್ನೂ ಬೇರೆ ಬೇರೆಯಾಗಿ ಹಿಡಿಯುತ್ತ ಬಿಡುತ್ತ ಕಾರನ್ನು ನಡಿಗೆಯ ವೇಗದ ಆಸುಪಾಸಿನಲ್ಲಿ ಇಳಿಸುತ್ತದೆ. ಸಡಿಲ ಜಲ್ಲಿಯ ಮೇಲೆ ನಾವು ಕಾಲಿನಿಂದ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುವ ಅಪಾಯವಿದೆ. ಯಾವ ಚಕ್ರಕ್ಕೆ ಎಷ್ಟು ಹಿಡಿತ ಸಿಗುತ್ತಿದೆ ಎಂಬುದನ್ನು ನೋಡಿಕೊಂಡು ಒತ್ತಡ ಹಂಚುವುದು ನಮ್ಮ ಒಂದು ಪೆಡಲಿನಿಂದ ಆಗದ ಕೆಲಸ.

ಆ ದೀಪ ಮಿನುಗತೊಡಗಿದರೆ ಹೆದರಬೇಕೇ?

ಇದು ಕಾರಿನ ಮೇಲೆ ಅವಲಂಬಿಸಿದೆ, ಮತ್ತು ಇಲ್ಲಿನ ಗೊಂದಲ ಆಟೊ ಹೋಲ್ಡಿನ ಬಣ್ಣಗಳ ಗೊಂದಲಕ್ಕಿಂತ ಹೆಚ್ಚು ಅಪಾಯಕಾರಿ. ಹ್ಯುಂಡೈಯ DBCಯಲ್ಲಿ ಹಸಿರು ದೀಪ ಸುಮ್ಮನೆ ಉರಿದರೆ ಸಿದ್ಧಸ್ಥಿತಿ, ಮಿನುಗಿದರೆ ಬ್ರೇಕ್ ಹಿಡಿಯುವ ಕೆಲಸ ನಡೆಯುತ್ತಿದೆ, ಹಳದಿಯಾದರೆ ದೋಷ. ಟೊಯೋಟಾದ DACಯಲ್ಲಿ ದೀಪ ಮಿನುಗಿದರೆ ಅದಕ್ಕೆ ಬೇಕಾದ ಷರತ್ತುಗಳು ಕೂಡಿಬಂದಿಲ್ಲ ಅಥವಾ ಬ್ರೇಕ್ ಘಟಕ ಬಿಸಿಯಾಗಿ ನೆರವನ್ನು ಹಿಂತೆಗೆದುಕೊಳ್ಳುತ್ತಿದೆ ಎಂಬ ಸೂಚನೆ. ಒಂದರಲ್ಲಿ ಮಿನುಗುವುದು ನೆಮ್ಮದಿಯ ಮಾತು, ಇನ್ನೊಂದರಲ್ಲಿ ಕಾಲನ್ನು ಬ್ರೇಕಿಗೆ ತನ್ನಿ ಎಂಬ ಕರೆ. ಬೇರೆಯವರ ಗಾಡಿಯನ್ನು ಕಾಫಿ ತೋಟದ ದಾರಿಯಲ್ಲಿ ಇಳಿಸಬೇಕಾದರೆ ಮಾಲೀಕರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ವೇಗದ ಮಿತಿಯೂ ಇದೆ. ಹ್ಯುಂಡೈಯಲ್ಲಿ ಗಂಟೆಗೆ 40 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಮಾತ್ರ ಅದು ಬ್ರೇಕ್ ಹಿಡಿಯುತ್ತದೆ. 60 ದಾಟಿದರೆ ಪೂರ್ತಿ ಆರಿಹೋಗುತ್ತದೆ. ಹೀಗೆ ಆರಿದ್ದು ವೇಗ ಇಳಿದ ಮೇಲೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಸ್ವಿಚ್ಚನ್ನು ಮತ್ತೆ ಒತ್ತಬೇಕು.

ಇಳಿಯುವಾಗ ಗರಗರ ಸದ್ದು, ಪೆಡಲಿನಲ್ಲಿ ನಡುಕ ಬರುತ್ತದೆ. ಏನಾಗಿದೆ?

ಪಂಪು ಮತ್ತು ಕವಾಟಗಳು ಕೆಲಸ ಮಾಡುತ್ತಿವೆ. ಹಿಂದಿನ ಬ್ರೇಕ್ ದೀಪಗಳೂ ಉರಿಯುತ್ತಿರುತ್ತವೆ. ಸಮತಟ್ಟಾದ ರಸ್ತೆಗೆ ಬಂದ ಮೇಲೂ ಸದ್ದು ನಿಲ್ಲದಿದ್ದರೆ ಮಾತ್ರ ತೋರಿಸಿ.

ಆಗುಂಬೆ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಹಿಲ್ ಡಿಸೆಂಟ್ ಹಾಕಿಕೊಂಡರೆ ಒಳ್ಳೆಯದಲ್ಲವೇ?

ಡಾಂಬರು ಘಾಟಿಗೆ ಅದು ಹೇಳಿಮಾಡಿಸಿದ್ದಲ್ಲ. ಕಾರಣ ಶಾಖ. 1,500 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 73 ಲಕ್ಷ ಜೂಲ್. ಇಪ್ಪತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಹಂಡೆಯಲ್ಲಿ ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಅದು. ಕೆಳಗಿನ ಗೇರಿನಲ್ಲಿ ಇಳಿದರೆ ಇದರ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತದೆ. ಮೇಲಿನ ಗೇರಿನಲ್ಲಿಟ್ಟು ಹಿಲ್ ಡಿಸೆಂಟ್ ಮೇಲೆ ಭಾರ ಹಾಕಿದರೆ ಅದು ಮಾಡುವುದು ಬ್ರೇಕನ್ನು ಬಿಡದೆ ಬಳಸುವುದನ್ನೇ, ಆದ್ದರಿಂದ ಬಹುಪಾಲು ಶಾಖ ನಾಲ್ಕು ಚಕ್ರಗಳ ಬ್ರೇಕುಗಳಿಗೆ ಹೋಗುತ್ತದೆ. ಕಾಲಿನಿಂದ ಒತ್ತಿದರೂ ಪಂಪಿನಿಂದ ಒತ್ತಿದರೂ ಪ್ಯಾಡಿಗೆ ವ್ಯತ್ಯಾಸ ತಿಳಿಯದು.

ಅತಿಯಾಗಿ ಬಿಸಿಯಾದ ಬ್ರೇಕಿನ ಲಕ್ಷಣಗಳು ಹೀಗೆ ಬರುತ್ತವೆ: ಮೊದಲು ಸುಟ್ಟ ವಾಸನೆ, ಬಳಿಕ ಅಷ್ಟೇ ಬಲದಿಂದ ಒತ್ತಿದರೂ ಕಾರು ನಿಧಾನವಾಗದಿರುವುದು, ಆಯಿಲ್ ಹಳತಾಗಿ ನೀರಿನಂಶ ಸೇರಿದ್ದರೆ ಪೆಡಲ್ ಮೆತ್ತಗಾಗಿ ಒಳಕ್ಕೆ ಇಳಿಯುವುದು. ಇದಲ್ಲದೆ ನಡಿಗೆಯ ವೇಗಕ್ಕೆ ಇಳಿದ ಕಾರು ಘಾಟಿಯ ತಿರುವಿನಲ್ಲಿ ಹಿಂದಿನ ಬಸ್ಸು ಲಾರಿಗಳಿಗೂ ಅಪಾಯ. ಘಾಟಿಯಲ್ಲಿ ಎರಡನೆಯ ಅಥವಾ ಮೂರನೆಯ ಗೇರು, ಆಟೊಮ್ಯಾಟಿಕ್ ಆದರೆ L ಅಥವಾ ಮ್ಯಾನ್ಯುವಲ್ ಮೋಡ್, ತಿರುವಿಗೆ ಮುನ್ನ ಆಗೊಮ್ಮೆ ಈಗೊಮ್ಮೆ ಗಟ್ಟಿಯಾದ ಬ್ರೇಕ್. ಹಿಲ್ ಡಿಸೆಂಟ್ ಸ್ವಿಚ್ಚನ್ನು ಹೋಮ್‌ಸ್ಟೇಗೆ ಇಳಿಯುವ ಕೊನೆಯ ಇನ್ನೂರು ಮೀಟರಿನ ಮಣ್ಣು ದಾರಿಗೆ ಇಟ್ಟುಕೊಳ್ಳಿ. ಅಲ್ಲಿಯೂ ಕೆಳಗಿನ ಗೇರಿನಲ್ಲಿದ್ದು, ಕಾಲು ಬ್ರೇಕಿನ ಸಮೀಪವಿರಲಿ.

ಎಬಿಎಸ್, ಇಎಸ್‌ಸಿ, ಹಿಲ್ ಡಿಸೆಂಟ್, ಆಟೊ ಹೋಲ್ಡ್ ಹಳದಿ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡಿವೆ. ನಾಲ್ಕೂ ಒಂದೇ ದಿನ ಕೆಡಲು ಸಾಧ್ಯವೇ?

ನಾಲ್ಕು ಕೆಟ್ಟಿರುವ ಸಾಧ್ಯತೆ ಕಡಿಮೆ. ಒಂದು ಕೆಟ್ಟು ನಾಲ್ಕನ್ನೂ ನಿಲ್ಲಿಸಿರುವ ಸಾಧ್ಯತೆ ಹೆಚ್ಚು. ಪ್ರತಿ ಚಕ್ರದ ಬಳಿ ಅದರ ವೇಗ ಅಳೆಯುವ ಒಂದು ಸೆನ್ಸರ್ ಇರುತ್ತದೆ. ಕೆಸರು, ಕಲ್ಲೇಟು, ಇಲಿ ಕಡಿದ ವೈರು, ಚಕ್ರದ ಬೇರಿಂಗ್ ಬದಲಿಸುವಾಗ ಆದ ಹಾನಿ, ಇವುಗಳಲ್ಲಿ ಯಾವುದರಿಂದಲಾದರೂ ಒಂದು ಚಕ್ರದ ಲೆಕ್ಕ ತಪ್ಪಿದರೆ ಕಂಪ್ಯೂಟರ್ ಆ ಲೆಕ್ಕವನ್ನು ನಂಬಿದ ಎಲ್ಲ ಸೌಲಭ್ಯಗಳನ್ನೂ ಮುಚ್ಚಿಬಿಡುತ್ತದೆ. ತೀರ ಇಳಿದುಹೋದ ಬ್ಯಾಟರಿಯಿಂದಲೂ ಹೀಗಾಗುವುದುಂಟು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಯಾವ ಚಕ್ರದ್ದೆಂದು ತಿಳಿಯುತ್ತದೆ. ಅದಕ್ಕೆ ಮೊದಲೇ ಇಡೀ ಎಬಿಎಸ್ ಘಟಕ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಕೋಡ್ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಹಳದಿ ಮಾತ್ರ ಇದ್ದಾಗ ಕಾಲಿನ ಬ್ರೇಕ್ ಎಂದಿನಂತೆ ಹಿಡಿಯುತ್ತದೆ. ಹಠಾತ್ ಬ್ರೇಕಿನಲ್ಲಿ ಚಕ್ರ ಕಚ್ಚಿಕೊಳ್ಳಬಹುದು, ಏರಿನಲ್ಲಿ ಕಾರು ಹಿಂದಕ್ಕೆ ಜಾರಬಹುದು ಎಂಬ ಎಚ್ಚರದಿಂದ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಪಾರ್ಕಿಂಗ್ ಬ್ರೇಕ್ ಬಿಟ್ಟ ಮೇಲೂ ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಕೆಂಪು ದೀಪ ಉರಿಯುತ್ತಿದ್ದರೆ ವಿಷಯ ಬೇರೆ. ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು ಅಥವಾ ಬ್ರೇಕಿನ ಬಲವೇ ಕುಂದಿರಬಹುದು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಆಯಿಲಿನ ಮಟ್ಟ ನೋಡಿ, ಗಾಡಿಯನ್ನು ಎಳೆಸಿಕೊಂಡು ಹೋಗುವ ವ್ಯವಸ್ಥೆ ಮಾಡಿ.

ಹಳೆಯ ಕಾರು ಕೊಳ್ಳುವಾಗ ಈ ದೀಪಗಳು ಸರಿಯಾಗಿವೆಯೇ ಎಂದು ನೋಡುವುದು ಹೇಗೆ?

ಇಗ್ನಿಷನ್ ಆನ್ ಮಾಡಿ, ಎಂಜಿನ್ ಚಾಲೂ ಮಾಡುವ ಮುನ್ನ ಮೀಟರನ್ನು ನೋಡಿ. ಎಬಿಎಸ್ ಮತ್ತು ಇಎಸ್‌ಸಿ ದೀಪಗಳು ಒಮ್ಮೆ ಹೊತ್ತಿಕೊಂಡು ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಇಎಸ್‌ಸಿ ಇರುವ ಮಾದರಿಯಲ್ಲಿ ಆ ದೀಪ ಹೊತ್ತಿಕೊಳ್ಳಲೇ ಇಲ್ಲವೆಂದರೆ ಹೆಚ್ಚು ಅನುಮಾನಪಡಬೇಕು, ಏಕೆಂದರೆ ದೋಷ ಕಾಣದಿರಲೆಂದು ದೀಪವನ್ನೇ ನಿಷ್ಕ್ರಿಯಗೊಳಿಸಿರುವ ಸಾಧ್ಯತೆ ಇರುತ್ತದೆ. ಬಳಿಕ ಹಿಂದೆ ಯಾರೂ ಇಲ್ಲದ ಒಂದು ಏರಿಗೆ ಹೋಗಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿ ನಿಲ್ಲಿಸಿ, ಆಟೊ ಹೋಲ್ಡ್ ಆಫ್ ಮಾಡಿ, ಮ್ಯಾನ್ಯುವಲ್ ಆದರೆ ಒಂದನೆಯ ಗೇರಿನಲ್ಲಿ ಕ್ಲಚ್ ಒತ್ತಿಕೊಂಡು ಬ್ರೇಕ್ ಬಿಡಿ. ಕಾರು ಸುಮಾರು ಎರಡು ಸೆಕೆಂಡು ನಿಂತು ಆಮೇಲೆ ಜಾರತೊಡಗಿದರೆ ಹಿಲ್ ಹೋಲ್ಡ್ ಸರಿಯಾಗಿದೆ; ಬಿಟ್ಟ ಕ್ಷಣವೇ ಜಾರಿದರೆ ಇಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಈ ಪರೀಕ್ಷೆಗೆ ತುಸು ಕಡಿದಾದ ಏರೇ ಬೇಕು, ಇಲ್ಲವಾದರೆ D ಗೇರಿನ ತೆವಳುವ ಎಳೆತವೇ ಕಾರನ್ನು ಹಿಡಿದು ಹಿಲ್ ಹೋಲ್ಡ್ ಹಿಡಿದಂತೆ ತೋರಿಸುತ್ತದೆ.